ಮಗುವಿನ ಮೊದಲ ಇಮೇಲ್ ಖಾತೆ: ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಮೊದಲ ಬಾರಿ ಇಮೇಲ್ ಖಾತೆ ತೆರೆದುಕೊಡಲು ಹೊರಟ ತಂದೆತಾಯಂದಿರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಎಲ್ಲ ಸೇವೆಗಳ ವಿವರವನ್ನೂ ತುಂಬಲು ಹೋದರೆ ಯಾವುದೂ ಪೂರ್ತಿಯಾಗುವುದಿಲ್ಲ. ಆದ್ದರಿಂದ ಜಿಮೇಲ್ ಮತ್ತು ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಮೇಲ್ವಿಚಾರಣಾ ವ್ಯವಸ್ಥೆಯನ್ನು ಆಧಾರವಾಗಿ ಇಟ್ಟುಕೊಂಡು ಉತ್ತರಿಸಿದ್ದೇನೆ. ಬೇರೆ ಸೇವೆಯನ್ನು ಬಳಸುವವರಿಗೆ ಗುಂಡಿಗಳ ಹೆಸರು ಬದಲಾಗುತ್ತದೆಯೇ ಹೊರತು ಯೋಚಿಸುವ ಕ್ರಮ ಬದಲಾಗುವುದಿಲ್ಲ.

## ಖಾತೆ ತೆರೆಯುವ ಮುನ್ನ

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಇಷ್ಟು ಬೇಗ ಇಮೇಲ್ ಕೊಡಬೇಕೇ?

ವಯಸ್ಸಿಗಿಂತ ಎರಡು ಸಂಗತಿಗಳನ್ನು ನೋಡಿ. ಮೊದಲನೆಯದು, ಒಂದು ಪುಟದಷ್ಟು ಬರಹವನ್ನು ಅವಳು ತಾನೇ ಓದಿ ಅರ್ಥಮಾಡಿಕೊಳ್ಳಬಲ್ಲಳೇ ಎಂಬುದು. ಎರಡನೆಯದು, ಏನಾದರೂ ಎಡವಟ್ಟಾದಾಗ, ತಾನೇ ತಪ್ಪು ಮಾಡಿದ್ದರೂ, ಅದನ್ನು ನಿಮ್ಮ ಬಳಿ ಬಂದು ಹೇಳುವ ರೂಢಿ ಅವಳಿಗಿದೆಯೇ ಎಂಬುದು. ಎರಡನೆಯದು ಇಲ್ಲದಿದ್ದರೆ ಯಾವ ಮೇಲ್ವಿಚಾರಣಾ ವ್ಯವಸ್ಥೆಯೂ ಅದರ ಜಾಗವನ್ನು ತುಂಬಲಾರದು.

ದೂರದಲ್ಲಿರುವ ಅಜ್ಜಿಗೆ ಪತ್ರ ಬರೆಯುವುದು ಅಥವಾ ಶಿಕ್ಷಕರಿಗೆ ಮನೆಪಾಠವನ್ನು ಕಳುಹಿಸುವುದು ನಿಜವಾದ ಅಗತ್ಯ. ಆದರೆ ಯಾವುದೋ ಆಟಕ್ಕೋ ಜಾಲತಾಣಕ್ಕೋ ನೋಂದಾಯಿಸಲು ಮಾತ್ರ ವಿಳಾಸ ಬೇಕಾಗಿದ್ದರೆ ಹೊಸ ಖಾತೆಯ ಅಗತ್ಯವೇ ಇಲ್ಲ. ಜಿಮೇಲ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಕೂಡಿಸುವ ಚಿಹ್ನೆ ಹಾಕಿ ಒಂದು ಪದವನ್ನು ಸೇರಿಸಿದರೂ ಪತ್ರ ನಿಮ್ಮ ಪೆಟ್ಟಿಗೆಗೇ ಬಂದು ಬೀಳುತ್ತದೆ. ನಿಮ್ಮ ವಿಳಾಸದ ಮೊದಲ ಭಾಗ `hesaru` ಎಂದಿದ್ದರೆ, `hesaru+magalu` ಎಂದು ಬರೆದು ಕಳುಹಿಸಿದ್ದೂ ನಿಮಗೇ ತಲುಪುತ್ತದೆ. ಮಗಳ ನೋಂದಣಿಗಳಿಗೆಲ್ಲ ಇದನ್ನೇ ಬಳಸಿಕೊಂಡು ಒಂದೆರಡು ವರ್ಷ ಕಾಯಬಹುದು.

ಹುಟ್ಟಿದ ವರ್ಷವನ್ನು ಸ್ವಲ್ಪ ಹಿಂದಕ್ಕೆ ಹಾಕಿ ಸಾಮಾನ್ಯ ಖಾತೆಯನ್ನೇ ತೆರೆದರೆ ಏನು ತೊಂದರೆ? ಎಲ್ಲರೂ ಹಾಗೆಯೇ ಮಾಡುತ್ತಾರಲ್ಲ?

ದಯವಿಟ್ಟು ಹಾಗೆ ಮಾಡಬೇಡಿ. ಮಗು ತಾನೇ ಸಾಮಾನ್ಯ ಖಾತೆ ತೆರೆಯಲು ಹಲವು ದೇಶಗಳಲ್ಲಿ ಹದಿಮೂರು ತುಂಬಿರಬೇಕು. ಈ ಗಡಿಯ ಮೂಲ ಅಮೆರಿಕದಲ್ಲಿ 1998ರಲ್ಲಿ ಆದ ಮಕ್ಕಳ ಆನ್‌ಲೈನ್ ಗೋಪ್ಯತಾ ಕಾಯ್ದೆಯಲ್ಲಿದೆ. 13 ತುಂಬದ ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂದು ಅದು ಹೇಳುತ್ತದೆ. ಯುರೋಪಿನ ದತ್ತಾಂಶ ನಿಯಮದಲ್ಲಿ ಈ ಗಡಿ 16, ಆದರೆ ಅದನ್ನು 13ರವರೆಗೆ ಇಳಿಸಿಕೊಳ್ಳಲು ಅಲ್ಲಿನ ದೇಶಗಳಿಗೆ ಅವಕಾಶವಿದೆ. ಹಾಗಾಗಿ ಸೇವೆಯೊಂದೇ ಆದರೂ ವಯಸ್ಸಿನ ಗಡಿ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ.

ಕಾನೂನಿನ ಮಾತನ್ನು ಬದಿಗಿಟ್ಟರೂ, ಸುಳ್ಳು ವಯಸ್ಸಿನ ನಷ್ಟ ಮಗುವಿನ ಮೇಲೆಯೇ ಬೀಳುತ್ತದೆ. ಹುಟ್ಟಿದ ದಿನಾಂಕ ನಿಜವಾಗಿದ್ದರೆ ಖಾತೆ ಮಗುವಿನದೆಂದು ಗೂಗಲ್‌ಗೆ ತಿಳಿದಿರುತ್ತದೆ. ಆಗ ಜಿಮೇಲ್‌ನಲ್ಲಿ ಜಾಹೀರಾತು ಕಾಣಿಸುವುದಿಲ್ಲ, ಪತ್ರಗಳನ್ನು ತಾನಾಗಿ ಬೇರೊಂದು ವಿಳಾಸಕ್ಕೆ ರವಾನಿಸುವ ಸೌಲಭ್ಯವೂ ಇರುವುದಿಲ್ಲ. ವಯಸ್ಕರೆಂದು ನಮೂದಿಸಿದ ಖಾತೆಗೆ ಈ ಕಾಪು ಯಾವುದೂ ಸಿಗುವುದಿಲ್ಲ. ಮುಂದೊಂದು ದಿನ ಮಗುವೇ ದಿನಾಂಕವನ್ನು ಸರಿಪಡಿಸಲು ಹೋದರೆ ಖಾತೆ ಸ್ಥಗಿತಗೊಳ್ಳಲೂಬಹುದು. ಇದಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವ ಇನ್ನೊಂದು ಮಾತಿದೆ. ಪರದೆಯ ಮೇಲೆ ತನ್ನ ಬಗ್ಗೆ ಸುಳ್ಳು ತುಂಬಬಹುದೆಂಬುದನ್ನು ಮಗು ಮೊದಲ ದಿನವೇ ನಿಮ್ಮಿಂದ ಕಲಿತುಬಿಡುತ್ತದೆ.

ವಿಳಾಸದಲ್ಲಿ ಮಗುವಿನ ಪೂರ್ತಿ ಹೆಸರಿದ್ದರೆ ಚೆಂದವಲ್ಲವೇ? ಮುಂದೆ ಕೆಲಸಕ್ಕೂ ಬರುತ್ತದೆ.

ಮೊದಲ ವಿಳಾಸ ಜೀವನಪೂರ್ತಿ ಇರಬೇಕಾಗಿಲ್ಲ. ವಿಳಾಸವನ್ನು ಅಪರಿಚಿತರೂ ನೋಡುತ್ತಾರೆ. ಪೂರ್ತಿ ಹೆಸರು, ಹುಟ್ಟಿದ ವರ್ಷ, ಶಾಲೆಯ ಹೆಸರು ಅದರಲ್ಲಿದ್ದರೆ ಪರಿಚಯದವರಂತೆ ನಟಿಸಲು ಬೇಕಾದ ಸಾಮಗ್ರಿಯನ್ನು ನಾವೇ ಒದಗಿಸಿದಂತಾಗುತ್ತದೆ. ವಿಳಾಸದ ಕೊನೆಗೆ ಹುಟ್ಟಿದ ವರ್ಷ ಸೇರಿಸುವುದು ನಾನು ಅತಿ ಹೆಚ್ಚಾಗಿ ಕಂಡಿರುವ ತಪ್ಪು. ಜಿಮೇಲ್‌ನಲ್ಲಿ ಹೆಸರಿನ ಭಾಗ 6ರಿಂದ 30 ಅಕ್ಷರಗಳವರೆಗೆ ಇರಬಹುದು, ಆದ್ದರಿಂದ ಹಕ್ಕಿಯ ಹೆಸರು, ಬಣ್ಣ, ಮಗುವಿಗೆ ಇಷ್ಟವಾದ ಯಾವುದಾದರೂ ಎರಡು ಪದಗಳನ್ನು ಜೋಡಿಸಿದರೆ ಸಾಕು. ನಡುವೆ ಚುಕ್ಕಿ ಇಟ್ಟರೂ ಬಿಟ್ಟರೂ ಜಿಮೇಲ್‌ಗೆ ಅದು ಒಂದೇ ವಿಳಾಸ.

## ಖಾತೆ ತೆರೆಯುವಾಗ

ಯಾವ ಕ್ರಮದಲ್ಲಿ ಮಾಡಬೇಕು? ಮೊದಲು ಮಗುವಿನ ಫೋನಿನಲ್ಲಿ ಶುರು ಮಾಡಬೇಕೇ?

ಮೊದಲು ನಿಮ್ಮ ಸ್ವಂತ ಖಾತೆಯಿಂದ ಶುರು ಮಾಡಬೇಕು. ಮಗುವಿನ ಖಾತೆಯ ಪಾಸ್‌ವರ್ಡನ್ನು ಬದಲಿಸುವ ಮತ್ತು ಹೊಸ ಸಾಧನದಲ್ಲಿ ಪ್ರವೇಶಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಹೆತ್ತವರ ಖಾತೆಗೆ ಸೇರಿರುತ್ತದೆ. ನಿಮ್ಮ ಖಾತೆ ಕಳ್ಳರ ಕೈಗೆ ಹೋದರೆ ಮಗುವಿನ ಖಾತೆಯೂ ಅದರ ಜೊತೆಗೇ ಹೋದಂತೆ. ಹಾಗಾಗಿ ಪಾಸ್‌ವರ್ಡಿನ ಜೊತೆಗೆ ಇನ್ನೊಂದು ದೃಢೀಕರಣವನ್ನೂ ಕೇಳುವ ಎರಡು ಹಂತದ ಪರಿಶೀಲನೆಯನ್ನು ನಿಮ್ಮ ಖಾತೆಗೆ ಹಾಕಿ, ನೀವು ಬಳಸುವುದನ್ನು ಬಿಟ್ಟಿರುವ ಹಳೆಯ ಫೋನುಗಳಿಂದ ಲಾಗ್‌ಔಟ್ ಆದ ನಂತರವೇ ಮುಂದಿನ ಹೆಜ್ಜೆ ಇಡಿ.

ಆಮೇಲೆ ನಿಮ್ಮ ಫೋನಿನಲ್ಲಿ ಫ್ಯಾಮಿಲಿ ಲಿಂಕ್ ಅನುಸ್ಥಾಪಿಸಿ, ಮಗುವನ್ನು ಸೇರಿಸುವ ಆಯ್ಕೆಗೆ ಹೋಗಿ, ಮಗುವಿಗೆ ಇನ್ನೂ ಖಾತೆ ಇಲ್ಲ ಎಂದು ತಿಳಿಸಿದರೆ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಪಾಸ್‌ವರ್ಡ್ ಈ ಕ್ರಮದಲ್ಲಿ ಅದು ಕೇಳುತ್ತಾ ಹೋಗುತ್ತದೆ. ಕೊನೆಯಲ್ಲಿ ನಿಮ್ಮ ಒಪ್ಪಿಗೆಯನ್ನು ಪಡೆಯುತ್ತದೆ. ಕುಟುಂಬ ಗುಂಪಿನಲ್ಲಿ ನಿಮ್ಮನ್ನೂ ಸೇರಿಸಿ ಒಟ್ಟು ಆರು ಮಂದಿ ಇರಬಹುದು.

ಖಾತೆ ಸಿದ್ಧವಾದ ಕೂಡಲೇ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಅದನ್ನು ತೆರೆದು, `Settings` ಒಳಗಿನ `General` ಪುಟದಲ್ಲಿ ಮೂರು ಬದಲಾವಣೆಗಳನ್ನು ಮಾಡಿ. `Undo Send` ಸಮಯವನ್ನು 5 ಸೆಕೆಂಡಿನಿಂದ 30ಕ್ಕೆ ಏರಿಸಿ. ಪತ್ರ ಹೊರಟ ಮೇಲೂ ಅರ್ಧ ನಿಮಿಷ ಹಿಂದಕ್ಕೆ ಎಳೆದುಕೊಳ್ಳಬಹುದೆಂದರೆ ಮಕ್ಕಳಿಗೆ ಅದು ಸಾಕಷ್ಟು ದೊಡ್ಡ ಅವಧಿ. ಎರಡನೆಯದಾಗಿ, ಹೊರಗಿನ ಚಿತ್ರಗಳನ್ನು ತೋರಿಸುವ ಮುನ್ನ ಕೇಳುವಂತೆ `Ask before displaying external images` ಆರಿಸಿ. ಜಾಹೀರಾತು ಪತ್ರಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರಗಳನ್ನು ಅಡಗಿಸಿಟ್ಟಿರುತ್ತಾರೆ, ಅವು ತೆರೆದುಕೊಂಡರೆ ಈ ವಿಳಾಸವನ್ನು ಯಾರೋ ನಿಜವಾಗಿ ಬಳಸುತ್ತಿದ್ದಾರೆಂಬ ಸುಳಿವು ಕಳುಹಿಸಿದವರಿಗೆ ಸಿಗುತ್ತದೆ. ಮೂರನೆಯದು `Conversation View` ಅನ್ನು ನಿಲ್ಲಿಸುವುದು. ಅದರ ಕಾರಣವನ್ನು ಫಿಲ್ಟರಿನ ಪ್ರಶ್ನೆಯಲ್ಲಿ ವಿವರಿಸಿದ್ದೇನೆ.

ಪಾಸ್‌ವರ್ಡ್ ಎಂಥದ್ದಿರಬೇಕು, ಯಾರ ಬಳಿ ಇರಬೇಕು?

ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳು, ನಡುವೆ ಒಂದೊಂದು ಅಡ್ಡಗೆರೆ. ಉದಾಹರಣೆಗೆ `kappe-gantu-mugilu-eni` ಎಂಬಂಥದ್ದು; ಇಲ್ಲಿ ಅಚ್ಚಾಗಿರುವುದರಿಂದ ಇದನ್ನೇ ಇಟ್ಟುಕೊಳ್ಳಬೇಡಿ. ಪದಗಳನ್ನು ಮಗು ತಾನೇ ಯೋಚಿಸಿದರೆ ಇಷ್ಟದ ಪ್ರಾಣಿ, ತಮ್ಮನ ಹೆಸರು ಹೀಗೆ ಊಹಿಸಬಹುದಾದವೇ ಬರುತ್ತವೆ. ಬದಲಿಗೆ ದಪ್ಪನೆಯ ಪುಸ್ತಕವೊಂದನ್ನು ಕಣ್ಣು ಮುಚ್ಚಿ ನಾಲ್ಕು ಸಲ ತೆರೆದು, ಪ್ರತಿ ಸಲವೂ ಬೆರಳು ಬಿದ್ದ ಪದವನ್ನು ತೆಗೆದುಕೊಳ್ಳಲು ಹೇಳಿ. ಅಕ್ಷರದ ಜಾಗಕ್ಕೆ ಅಂಕಿ ಹಾಕುವ ಕಸರತ್ತಿಗಿಂತ ಉದ್ದವೇ ಹೆಚ್ಚು ಬಲ ಕೊಡುತ್ತದೆ, ಮಗುವಿಗೆ ನೆನಪೂ ಉಳಿಯುತ್ತದೆ.

ಪಾಸ್‌ವರ್ಡ್ ಮಗುವಿಗೂ ಹೆತ್ತವರಿಗೂ ಮಾತ್ರ ತಿಳಿದಿರಬೇಕು, ಮತ್ತು ಹೆತ್ತವರಿಗೆ ತಿಳಿದಿದೆ ಎಂಬುದು ಮಗುವಿಗೂ ಗೊತ್ತಿರಬೇಕು. ಜೀವದ ಗೆಳತಿ ತನ್ನ ಪಾಸ್‌ವರ್ಡ್ ಹೇಳಿ ನಿನ್ನದೂ ಹೇಳು ಎಂದು ಕೇಳುವ ದಿನ ಬಂದೇ ಬರುತ್ತದೆ. ಆಗ ಹೇಳಲು ಅವಳಿಗೆ ಒಂದು ಸಿದ್ಧ ಉತ್ತರ ಬೇಕು. "ಹೇಳಿದರೆ ಅಮ್ಮ ಬದಲಿಸಿಬಿಡುತ್ತಾರೆ" ಎಂಬ ಮಾತು ಒಂಬತ್ತು ವರ್ಷದವರ ನಡುವೆ ಚೆನ್ನಾಗಿ ನಡೆಯುತ್ತದೆ, ಗೆಳೆತನವೂ ಕೆಡುವುದಿಲ್ಲ.

## ಮೇಲ್ವಿಚಾರಣೆ

ಫ್ಯಾಮಿಲಿ ಲಿಂಕ್ ಹಾಕಿದ ಮೇಲೆ ಅವನಿಗೆ ಬರುವ ಪತ್ರಗಳೆಲ್ಲ ನನಗೆ ಕಾಣಿಸುತ್ತವೆಯೇ?

ಇಲ್ಲ. ಬಹಳ ಹೆತ್ತವರು ಇಲ್ಲಿಯೇ ತಪ್ಪು ತಿಳಿದುಕೊಂಡು ನಿಶ್ಚಿಂತರಾಗಿಬಿಡುತ್ತಾರೆ. ಫ್ಯಾಮಿಲಿ ಲಿಂಕ್ ನೋಡಿಕೊಳ್ಳುವುದು ಸಾಧನ, ಆ್ಯಪ್, ಸಮಯ ಮತ್ತು ಖಾತೆಯ ಪ್ರವೇಶವನ್ನು ಮಾತ್ರ. ಯಾರು ಪತ್ರ ಬರೆದರು, ಅದರಲ್ಲಿ ಏನಿತ್ತು ಎಂಬುದನ್ನು ಅದು ತೋರಿಸುವುದಿಲ್ಲ. ಪತ್ರಗಳನ್ನು ನೋಡಬೇಕಾದರೆ ಮಗುವಿನ ಖಾತೆಯನ್ನೇ ತೆರೆಯಬೇಕು. ಮಗುವಿನ ಖಾತೆಯಿಂದ ಪ್ರತಿಯೊಂದನ್ನೂ ನಿಮ್ಮ ವಿಳಾಸಕ್ಕೆ ತಾನಾಗಿ ರವಾನಿಸಿಕೊಳ್ಳೋಣವೆಂದರೆ, ಆ ಸೌಲಭ್ಯವೇ ಮಕ್ಕಳ ಖಾತೆಯಲ್ಲಿ ಇಲ್ಲವೆಂದು ಆಗಲೇ ಹೇಳಿದೆ.

ಆದ್ದರಿಂದ ಎಲ್ಲವನ್ನೂ ಓದುವ ಯೋಜನೆಯನ್ನು ಬಿಟ್ಟು, ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕೆಂದು ತೀರ್ಮಾನಿಸುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅನುಭವ. ಮುಂದಿನ ಉತ್ತರ ಅದರ ಬಗ್ಗೆಯೇ ಇದೆ.

ಪರಿಚಯದವರ ಪತ್ರ ಮಾತ್ರ ಇನ್‌ಬಾಕ್ಸಿಗೆ ಬರುವಂತೆ ಮಾಡಬಹುದೇ?

ಮಾಡಬಹುದು, ಅದಕ್ಕೆ ಜಿಮೇಲ್‌ನ ಫಿಲ್ಟರ್ ಸಾಕು. ಫಿಲ್ಟರನ್ನು ಫೋನಿನ ಆ್ಯಪ್‌ನಲ್ಲಿ ರಚಿಸಲು ಆಗುವುದಿಲ್ಲ, ಕಂಪ್ಯೂಟರಿನ ಬ್ರೌಸರ್‌ನಲ್ಲಿಯೇ ಮಾಡಬೇಕು. ಒಮ್ಮೆ ಮಾಡಿದರೆ ಫೋನಿನಲ್ಲಿಯೂ ಅದು ಅನ್ವಯವಾಗುತ್ತದೆ.

ಮೊದಲು ಮಗುವಿನ ಜೊತೆ ಕುಳಿತು, ಯಾರ ಯಾರ ಪತ್ರ ಬೇಕೆಂದು ಒಂದು ಕಾಗದದ ಮೇಲೆ ಪಟ್ಟಿ ಮಾಡಿ. ಅಮ್ಮ, ಅಜ್ಜ, ಶಿಕ್ಷಕಿ ಹೀಗೆ ಮೂವರಿದ್ದಾರೆ ಎಂದುಕೊಳ್ಳೋಣ. ಜಿಮೇಲ್‌ನ ಹುಡುಕಾಟದ ಪಟ್ಟಿಯ ಬಲತುದಿಯಲ್ಲಿರುವ ಗುರುತನ್ನು ಒತ್ತಿದರೆ ಒಂದು ನಮೂನೆ ತೆರೆಯುತ್ತದೆ. ಅದರ `Has the words` ಎಂಬ ಜಾಗದಲ್ಲಿ ಹೀಗೆ ಬರೆಯಿರಿ:

```
-from:(amma@example.com OR ajja@example.com OR teacher@example.org)
```

ಮೊದಲಲ್ಲಿರುವ ಕಳೆಯುವ ಚಿಹ್ನೆಯ ಅರ್ಥ "ಇವರನ್ನು ಬಿಟ್ಟು ಉಳಿದವರೆಲ್ಲರೂ" ಎಂದು. ನಂತರ `Create filter` ಒತ್ತಿ, `Skip the Inbox (Archive it)` ಮತ್ತು `Apply the label` ಎಂಬ ಎರಡನ್ನು ಆರಿಸಿ, "ಒಟ್ಟಿಗೆ ನೋಡೋಣ" ಎಂಬ ಹೊಸ ಲೇಬಲ್ ಕೊಡಿ. ಈಗ ಅಪರಿಚಿತರ ಪತ್ರಗಳು ಇನ್‌ಬಾಕ್ಸನ್ನು ಮುಟ್ಟದೆ ಆ ಲೇಬಲಿನ ಕೆಳಗೆ ಹೋಗಿ ಕೂರುತ್ತವೆ. ಇನ್ನೊಂದು ಪ್ರತ್ಯೇಕ ಫಿಲ್ಟರಿನಲ್ಲಿ ಅದೇ ಮೂವರ ಹೆಸರನ್ನು ಕಳೆಯುವ ಚಿಹ್ನೆಯಿಲ್ಲದೆ ಬರೆದು `Never send it to Spam` ಆರಿಸಿದರೆ, ಅಜ್ಜನ ಪತ್ರ ತಪ್ಪಾಗಿ ಸ್ಪ್ಯಾಮಿಗೆ ಬೀಳುವುದು ತಪ್ಪುತ್ತದೆ.

ಸಾಮಾನ್ಯವಾಗಿ ಎಡವುವುದು ನಾಲ್ಕನೆಯವರನ್ನು ಸೇರಿಸುವಾಗ. ಚಿಕ್ಕಮ್ಮನಿಗಾಗಿ ಇನ್ನೊಂದು ಹೊಸ "ಬಿಟ್ಟು ಉಳಿದವರೆಲ್ಲರೂ" ಫಿಲ್ಟರ್ ಮಾಡಿದರೆ, ಮೊದಲನೆಯ ಫಿಲ್ಟರ್ ಚಿಕ್ಕಮ್ಮನ ಪತ್ರವನ್ನು ಪಕ್ಕಕ್ಕೆ ತಳ್ಳುತ್ತದೆ, ಎರಡನೆಯದು ಅಮ್ಮ, ಅಜ್ಜ, ಶಿಕ್ಷಕಿ ಮೂವರನ್ನೂ ತಳ್ಳುತ್ತದೆ, ಇನ್‌ಬಾಕ್ಸ್ ಪೂರ್ತಿ ಖಾಲಿಯಾಗುತ್ತದೆ. ಎರಡು ದಿನದಿಂದ ಯಾರೂ ಬರೆಯುತ್ತಿಲ್ಲ ಎಂದು ಮಗು ಸಪ್ಪೆ ಮುಖ ಮಾಡಿದರೆ ಮೊದಲು ಇದನ್ನೇ ನೋಡಿ. ಇಂಥ ಫಿಲ್ಟರ್ ಒಂದೇ ಇರಬೇಕು. ಹೊಸ ವಿಳಾಸವನ್ನು ಅದರ ಆವರಣದೊಳಗೇ ಸೇರಿಸಬೇಕು. ಪ್ರತಿ ಬದಲಾವಣೆಯ ನಂತರ ಪಟ್ಟಿಯಲ್ಲಿರುವ ಒಂದು ವಿಳಾಸದಿಂದಲೂ ಇಲ್ಲದ ಒಂದು ವಿಳಾಸದಿಂದಲೂ ಪತ್ರ ಕಳುಹಿಸಿ, ಯಾವುದು ಎಲ್ಲಿಗೆ ಬಿತ್ತೆಂದು ನೋಡಿಕೊಳ್ಳಿ.

ಇನ್ನು `Conversation View` ವಿಷಯ. ಅಜ್ಜ ಎಂಟು ಮಂದಿಗೆ ಒಂದು ಪತ್ರ ಕಳುಹಿಸುತ್ತಾರೆ, ಅವರಲ್ಲೊಬ್ಬ ಅಪರಿಚಿತರು ಎಲ್ಲರಿಗೂ ಉತ್ತರಿಸುತ್ತಾರೆ ಎಂದಿಟ್ಟುಕೊಳ್ಳಿ. ಅವರ ಉತ್ತರಕ್ಕೆ ಲೇಬಲ್ ಬಿದ್ದಿದ್ದರೂ, ಪತ್ರಗಳನ್ನು ಸರಪಳಿಯಾಗಿ ತೋರಿಸುವ ಈ ನೋಟದಲ್ಲಿ ಅಜ್ಜನ ಪತ್ರವನ್ನು ತೆರೆದರೆ ಅದೂ ಜೊತೆಯಲ್ಲೇ ಕಾಣಿಸಿಕೊಳ್ಳುತ್ತದೆ. ನೋಟವನ್ನು ನಿಲ್ಲಿಸಿದರೆ ಪ್ರತಿ ಪತ್ರವೂ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಈ ಏರ್ಪಾಡಿನ ಮಿತಿಯನ್ನೂ ತಿಳಿದಿರಬೇಕು. ಫಿಲ್ಟರ್ ಪತ್ರವನ್ನು ಪಕ್ಕಕ್ಕಿಡುತ್ತದೆ, ಅಳಿಸುವುದಿಲ್ಲ. ಲೇಬಲನ್ನು ತೆರೆದು ನೋಡಲು ಮಗುವಿಗೆ ಸಾಧ್ಯ, ಸ್ವಲ್ಪ ದೊಡ್ಡದಾದರೆ ಫಿಲ್ಟರನ್ನು ತೆಗೆದುಹಾಕಲೂ ಸಾಧ್ಯ. ಹಾಗೆಯೇ ಮಗು ಯಾರಿಗೆ ಬರೆಯುತ್ತದೆ ಎಂಬುದರ ಮೇಲೆ ಇದಕ್ಕೆ ಹಿಡಿತವಿಲ್ಲ. ವಾರಕ್ಕೊಮ್ಮೆ ಹದಿನೈದು ನಿಮಿಷ ಜೊತೆಯಾಗಿ ಕುಳಿತು ಆ ಲೇಬಲನ್ನು ತೆರೆಯುವುದು ಈ ಏರ್ಪಾಡಿನ ಇನ್ನೊಂದು ಅರ್ಧ. ಪ್ರತಿ ಪತ್ರಕ್ಕೂ ಇದನ್ನು ಕಳುಹಿಸಿದವರು ಯಾರು, ನಮ್ಮಿಂದ ಏನು ಬಯಸುತ್ತಿದ್ದಾರೆ, ಪಟ್ಟಿಗೆ ಸೇರಿಸೋಣವೇ ಬೇಡವೇ ಎಂದು ಮಗುವನ್ನೇ ಕೇಳಿ, ಅದು ಹೇಳಿದ ಮೇಲೆ ನಿಮ್ಮ ಅಭಿಪ್ರಾಯ ಹೇಳಿ.

ಅವಳಿಗೆ ತಿಳಿಯದ ಹಾಗೆ ಆಗಾಗ ಓದುತ್ತಿದ್ದೇನೆ. ಅದು ತಪ್ಪೇ?

ಕಳವಳದಿಂದ ಮಾಡುತ್ತಿದ್ದೀರಿ ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ನಿಲ್ಲಿಸಿ ಎಂದೇ ಹೇಳುತ್ತೇನೆ. ಗುಟ್ಟಾಗಿ ಓದಿ ತಿಳಿದ ಸಂಗತಿಯ ಬಗ್ಗೆ ನೀವು ಬಾಯಿಬಿಡಲು ಆಗುವುದಿಲ್ಲ, ಬಿಟ್ಟ ದಿನ ಅವಳು ನಿಮಗೆ ಪಾಸ್‌ವರ್ಡ್ ತಿಳಿಯದ ಇನ್ನೊಂದು ಖಾತೆಯನ್ನು ತೆರೆಯುತ್ತಾಳೆ. ಮೇಲ್ವಿಚಾರಣೆಯ ನಿಯಮವನ್ನು ಮೊದಲ ದಿನವೇ ಎದುರಿಗೆ ಹೇಳಿಬಿಡಿ: ಭಾನುವಾರ ಒಟ್ಟಿಗೆ ನೋಡುತ್ತೇವೆ, ಅಜ್ಜಿಗೋ ಗೆಳತಿಗೋ ಬರೆದ ಮಾತುಗಳನ್ನು ನಾನು ಓದುವುದಿಲ್ಲ, ನಿನಗೆ ಅಪಾಯವಿದೆ ಎನಿಸಿದರೆ ಮಾತ್ರ ಓದುತ್ತೇನೆ, ಓದುವ ಮುನ್ನ ನಿನಗೆ ಹೇಳುತ್ತೇನೆ. ಹೀಗೆ ಹೇಳಿದ ಮೇಲೆ ಅದನ್ನು ಮುರಿಯಬಾರದು.

## ಕಲಿಸಬೇಕಾದ ಅಭ್ಯಾಸ

ಮೋಸದ ಪತ್ರ ಎಂದರೇನೆಂದು ಹತ್ತು ವರ್ಷದವನಿಗೆ ಹೇಗೆ ತಿಳಿಸುವುದು?

ಲಕ್ಷಣಗಳ ಉದ್ದ ಪಟ್ಟಿಯನ್ನು ಬಾಯಿಪಾಠ ಮಾಡಿಸಬೇಡಿ. ಒಂದೇ ಒಂದು ಪತ್ರವನ್ನು ಎದುರಿಗಿಟ್ಟುಕೊಂಡು ನಿಧಾನವಾಗಿ ಬಿಡಿಸಿ ತೋರಿಸಿ. ಮಗ ಆಡುವ ಆಟದ ಹೆಸರು ನೀಲಿಕೋಟೆ, ಅದರ ನಿಜವಾದ ತಾಣ `neelikote.example` ಎಂದು ಕಲ್ಪಿಸಿಕೊಳ್ಳೋಣ. ಒಂದು ಸಂಜೆ ಈ ಪತ್ರ ಬರುತ್ತದೆ:

```
From: Neelikote Help <gift@neelikote.bonus-mail.example>
Subject: 5000 ನಾಣ್ಯ ನಿಮ್ಮದಾಗಿದೆ! 2 ಗಂಟೆ ಮಾತ್ರ
```

ಒಳಗೆ ಆಟದ ಲಾಂಛನವಿದೆ, ನಾಣ್ಯ ಪಡೆಯಲು ಪಾಸ್‌ವರ್ಡನ್ನು ಖಚಿತಪಡಿಸಿ ಎಂಬ ಗುಂಡಿಯಿದೆ. ಮೊದಲು ತೋರಿಸಬೇಕಾದದ್ದು ಕಳುಹಿಸಿದವರ ಹೆಸರು. `Neelikote Help` ಎಂಬುದನ್ನು ಕಳುಹಿಸುವವರೇ ತಮಗೆ ಬೇಕಾದಂತೆ ಟೈಪ್ ಮಾಡಿಕೊಳ್ಳುತ್ತಾರೆ. ಇದನ್ನು ನಂಬಿಸಲು ಒಂದು ಪ್ರಯೋಗವಿದೆ. ನಿಮ್ಮ ಖಾತೆಯ ಹೆಸರನ್ನು ಸ್ವಲ್ಪ ಹೊತ್ತು "ಚಂದ್ರನ ಮೇಲಿನ ರಾಜ" ಎಂದು ಬದಲಿಸಿ ಮಗನಿಗೆ ಒಂದು ಪತ್ರ ಕಳುಹಿಸಿ. ನನ್ನ ಮಗಳಿಗೆ ಹೀಗೆ ಮಾಡಿದಾಗ ಅವಳು ಪರದೆಯನ್ನು ನೋಡಿ, ನನ್ನನ್ನು ನೋಡಿ, "ಹಾಗಾದರೆ ಯಾರು ಬೇಕಾದರೂ ಅಜ್ಜ ಅಂತ ಬರೆದುಕೊಳ್ಳಬಹುದಾ?" ಎಂದು ಕೇಳಿದಳು. ಅಷ್ಟು ದಿನ ನಾನು ಬಾಯಿಮಾತಿನಲ್ಲಿ ಹೇಳಿದ್ದು ಅವಳಿಗೆ ನಾಟಿರಲಿಲ್ಲ.

ಎರಡನೆಯದು ವಿಳಾಸ. ಅದನ್ನು ಬಲದಿಂದ ಎಡಕ್ಕೆ ಓದಲು ಕಲಿಸಿ. `@` ಆದ ಮೇಲಿನ ಭಾಗದಲ್ಲಿ ಕೊನೆಯ ಎರಡು ತುಣುಕುಗಳು ಮನೆಯ ಯಜಮಾನನ ಹೆಸರಿದ್ದಂತೆ, ಅದರ ಎಡಕ್ಕಿರುವುದು ಆ ಯಜಮಾನ ತನ್ನ ಕೋಣೆಗಳಿಗೆ ಇಟ್ಟುಕೊಂಡ ಹೆಸರು. ಇಲ್ಲಿ ಯಜಮಾನ `bonus-mail.example`. ಅವನು ತನ್ನದೊಂದು ಕೋಣೆಗೆ `neelikote` ಎಂದು ಹೆಸರಿಟ್ಟಿದ್ದಾನೆ, ಅಷ್ಟೆ. ಕೆಲವು ದೇಶಗಳ ತಾಣಗಳಲ್ಲಿ ಕೊನೆಯ ಮೂರು ತುಣುಕುಗಳನ್ನು ನೋಡಬೇಕಾಗುತ್ತದೆ, ಅದನ್ನು ಆಮೇಲೆ ಕಲಿತರಾಯಿತು. ಫೋನಿನಲ್ಲಿ ವಿಳಾಸ ಮರೆಯಾಗಿರುತ್ತದೆ, ಹೆಸರಿನ ಕೆಳಗೆ ಒತ್ತಿದರೆ ಮಾತ್ರ ಕಾಣಿಸುತ್ತದೆ ಎಂಬುದನ್ನೂ ಕೈಯಾರೆ ಮಾಡಿಸಿ.

ಕೊನೆಯದು, ಪತ್ರ ನಮ್ಮನ್ನು ಅವಸರಪಡಿಸುತ್ತಿದೆಯೇ ಎಂಬುದು. ಎರಡು ಗಂಟೆಯ ಗಡುವು ಇರುವುದೇ ಅವನು ಯಾರನ್ನೂ ಕೇಳದಿರಲಿ ಎಂದು. ಇಷ್ಟನ್ನು ಬಿಡಿಸಿ ತೋರಿಸಿದ ಮೇಲೆ ಒಂದೇ ನಿಯಮ ಕೊಡಿ: ಪತ್ರದೊಳಗಿನ ಗುಂಡಿಯಿಂದ ಎಂದೂ ಪಾಸ್‌ವರ್ಡ್ ಕೊಡುವ ಪುಟಕ್ಕೆ ಹೋಗಬಾರದು. ನಾಣ್ಯ ನಿಜವಾಗಿ ಬಂದಿದ್ದರೆ ಆಟವನ್ನು ತೆರೆದಾಗ ಅಲ್ಲಿಯೇ ಕಾಣಿಸುತ್ತದೆ. ವಿಳಾಸದಲ್ಲಿ `m` ಬದಲು `rn` ಬರೆದು ದೊಡ್ಡವರ ಕಣ್ಣಿಗೂ ಮಣ್ಣೆರಚುವವರಿದ್ದಾರೆ; ಕಣ್ಣು ಸೋತಲ್ಲಿಯೂ ಈ ನಿಯಮ ಕಾಯುತ್ತದೆ.

ಫೋನಿಗೆ ಬಂದ ಆರು ಅಂಕಿಯ ಸಂಕೇತವನ್ನು ಗೆಳೆಯ ಕೇಳಿದರೆ ಕೊಡಬಹುದೇ?

ಕೊಡಬಾರದು. ಆ ಸಂಕೇತ ಬೇಕಾಗುವುದು ನಿಮ್ಮ ಖಾತೆಯನ್ನು ಪ್ರವೇಶಿಸಲು ಮಾತ್ರ, ಗೆಳೆಯನ ಖಾತೆಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಕೇಳುತ್ತಿರುವುದು ಬಹುಶಃ ಗೆಳೆಯನೂ ಅಲ್ಲ, ಅವನ ಖಾತೆಯನ್ನು ಕದ್ದವರು. ಗೆಳೆಯನಿಗೆ ಕರೆ ಮಾಡಿ ಕೇಳುವುದು ಸರಿಯಾದ ದಾರಿ.

## ಎಡವಟ್ಟಾದಾಗ

ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದಾನೆ. ಈಗ ಏನು ಮಾಡಲಿ?

ಮೊದಲು, ಅವನು ಬಂದು ಹೇಳಿದ್ದಕ್ಕೆ ಒಳ್ಳೆಯ ಮಾತಾಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ. ನಂತರ ಬೇರೊಂದು ಸಾಧನದಿಂದ, ಸಾಧ್ಯವಾದರೆ ನಿಮ್ಮ ಫ್ಯಾಮಿಲಿ ಲಿಂಕ್‌ನಿಂದಲೇ, ಪಾಸ್‌ವರ್ಡ್ ಬದಲಿಸಿ. ಖಾತೆಯ ಸಾಧನಗಳ ಪಟ್ಟಿಯನ್ನು ತೆರೆದು, ನಿಮ್ಮದಲ್ಲದ ಪ್ರತಿಯೊಂದರಿಂದಲೂ ಲಾಗ್‌ಔಟ್ ಮಾಡಿ. ಕಂಪ್ಯೂಟರಿನಲ್ಲಿ ಜಿಮೇಲ್ ಪುಟದ ಬಲಗಡೆಯ ಅಡಿಯಲ್ಲಿರುವ `Details` ಒತ್ತಿದರೆ ಇತ್ತೀಚೆಗೆ ಖಾತೆಯನ್ನು ಎಲ್ಲಿಂದ, ಯಾವಾಗ ತೆರೆಯಲಾಗಿದೆ ಎಂಬ ವಿವರವೂ ಸಿಗುತ್ತದೆ.

ಇಷ್ಟಕ್ಕೇ ನಿಲ್ಲಬೇಡಿ. ಒಳನುಗ್ಗಿದವರು ಹೊರಹೋದ ಮೇಲೂ ಕೆಲಸ ಮಾಡುವಂಥ ಏನನ್ನಾದರೂ ಬಿಟ್ಟುಹೋಗಿರಬಹುದು. ಫಿಲ್ಟರುಗಳ ಪುಟದಲ್ಲಿ ನೀವು ಮಾಡದ ಫಿಲ್ಟರ್ ಇದೆಯೇ, ಮರುಪಡೆಯುವ ಫೋನ್ ಸಂಖ್ಯೆ ಮತ್ತು ವಿಳಾಸ ಬದಲಾಗಿದೆಯೇ, ಕಳುಹಿಸಿದ ಪತ್ರಗಳಲ್ಲಿ ಮಗು ಬರೆಯದ್ದು ಇದೆಯೇ ಎಂದು ಒಂದೊಂದಾಗಿ ನೋಡಿ. ಅಳಿಸಿದ ಪತ್ರಗಳು ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತವೆ, ಅಲ್ಲಿ ಬೇರೆ ಸೇವೆಗಳ ಪಾಸ್‌ವರ್ಡ್ ಬದಲಾವಣೆಯ ಪತ್ರಗಳು ಬಿದ್ದಿದ್ದರೆ ಕಳ್ಳರು ಆ ಖಾತೆಗಳ ಮೇಲೂ ಕೈ ಹಾಕಿದ್ದಾರೆಂದು ಅರ್ಥ. ಅದೇ ಪಾಸ್‌ವರ್ಡನ್ನು ಮಗು ಆಟಗಳಿಗೂ ಬಳಸಿದ್ದರೆ ಅವನ್ನೂ ಇವತ್ತೇ ಬದಲಿಸಬೇಕು.

ಯಾರೋ ಫೋಟೋ ಕಳುಹಿಸು ಎಂದು ಹೆದರಿಸುತ್ತಿದ್ದಾರೆ. ಪತ್ರಗಳನ್ನು ಅಳಿಸಿಬಿಡಲೇ?

ಅಳಿಸಬೇಡಿ. ಉತ್ತರಿಸಬೇಡಿ, ಹಣ ಕೊಡಬೇಡಿ, ಇನ್ನೊಂದು ಚಿತ್ರ ಕಳುಹಿಸಿ ಸಮಾಧಾನಪಡಿಸಲು ಹೋಗಬೇಡಿ. ಕೊಟ್ಟಷ್ಟೂ ಬೇಡಿಕೆ ಬೆಳೆಯುತ್ತದೆ. ಬಂದ ಪತ್ರಗಳೇ ಸಾಕ್ಷ್ಯ, ಆದ್ದರಿಂದ ವಿಳಾಸ ಮತ್ತು ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಕಳುಹಿಸಿದವರನ್ನು ತಡೆಹಿಡಿದು, ಪೊಲೀಸರಿಗೆ ದೂರು ಕೊಡಿ. ಮಗುವಿನ ಖಾಸಗಿ ಚಿತ್ರವಿದ್ದರೆ ಅದನ್ನು ಪ್ರತಿ ಮಾಡಿಕೊಳ್ಳುವುದಾಗಲಿ ಯಾರಿಗಾದರೂ ಕಳುಹಿಸುವುದಾಗಲಿ ಬೇಡ. ಇದ್ದಲ್ಲಿಯೇ ಇರಲಿ, ಮುಂದೇನೆಂದು ಪೊಲೀಸರನ್ನು ಕೇಳಿ.

ಚಿತ್ರ ಈಗಾಗಲೇ ಹೋಗಿಬಿಟ್ಟಿದ್ದರೂ ಮಾಡಬಹುದಾದದ್ದು ಇದೆ. ಅಮೆರಿಕದ ಎನ್‌ಸಿಎಂಇಸಿ ಎಂಬ ಮಕ್ಕಳ ರಕ್ಷಣಾ ಸಂಸ್ಥೆ `Take It Down` ಎಂಬ ಉಚಿತ ಸೇವೆಯನ್ನು ನಡೆಸುತ್ತದೆ. ಚಿತ್ರವನ್ನು ಅಲ್ಲಿಗೆ ಕಳುಹಿಸಬೇಕಾಗಿಲ್ಲ. ನಿಮ್ಮ ಸಾಧನದಲ್ಲಿಯೇ ಅದರ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗುತ್ತದೆ, ಆ ಸಂಕೇತವನ್ನು ಮಾತ್ರ ಹಂಚಿಕೊಂಡು, ಭಾಗವಹಿಸುವ ತಾಣಗಳು ಅದೇ ಚಿತ್ರವನ್ನು ಪತ್ತೆಮಾಡಿ ತೆಗೆಯಲು ನೆರವಾಗುತ್ತದೆ. ಮಗುವಿನ ಹೆಸರನ್ನೂ ಕೊಡಬೇಕಾಗಿಲ್ಲ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ಖಾತೆಯನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ. ತಪ್ಪು ಮಾಡಿದವನು ಹೆದರಿಸಿದವನು.

## ಇನ್ನಷ್ಟು ಆಳಕ್ಕೆ

ವಿಳಾಸ ಅಜ್ಜನದ್ದೇ, ಅಕ್ಷರವೂ ತಪ್ಪಿಲ್ಲ. ಆದರೂ ಪತ್ರದ ಧಾಟಿ ಅವರದ್ದಲ್ಲ. ಹೇಗೆ ಪರೀಕ್ಷಿಸುವುದು?

ಅನುಮಾನ ಸರಿಯಾಗಿದೆ, ಏಕೆಂದರೆ ಕಳುಹಿಸಿದವರ ವಿಳಾಸವನ್ನು ನಕಲು ಮಾಡಲೂ ಸಾಧ್ಯ. ಹಾಗೆ ಬಂದ ಪತ್ರ ನಿಮ್ಮ ಫಿಲ್ಟರನ್ನೂ ದಾಟಿ ಇನ್‌ಬಾಕ್ಸಿಗೆ ಬರಬಹುದು. ಕಂಪ್ಯೂಟರಿನಲ್ಲಿ ಪತ್ರವನ್ನು ತೆರೆದು, ಮೂರು ಚುಕ್ಕಿಗಳ ಪಟ್ಟಿಯಲ್ಲಿ `Show original` ಆರಿಸಿ. ಮೇಲ್ಭಾಗದಲ್ಲಿ `SPF`, `DKIM`, `DMARC` ಎಂಬ ಸಾಲುಗಳು ಕಾಣುತ್ತವೆ. ಮೊದಲನೆಯದು ಪತ್ರವನ್ನು ತಂದ ಯಂತ್ರಕ್ಕೆ ಆ ತಾಣದ ಅನುಮತಿ ಇತ್ತೇ ಎಂದೂ, ಎರಡನೆಯದು ದಾರಿಯಲ್ಲಿ ಕೆಡದ ಮುದ್ರೆ ಪತ್ರದ ಮೇಲಿದೆಯೇ ಎಂದೂ, ಮೂರನೆಯದು ಇವು ನಮಗೆ ಕಾಣುವ ವಿಳಾಸಕ್ಕೇ ಹೊಂದುತ್ತವೆಯೇ ಎಂದೂ ತಿಳಿಸುತ್ತವೆ. `DMARC` ಎದುರು `FAIL` ಎಂದಿದ್ದರೆ ಪತ್ರವನ್ನು ನಂಬಬೇಡಿ.

ಆದರೆ ಮೂರೂ `PASS` ಆಗಿದ್ದರೆ ಪತ್ರ ಅಜ್ಜನದ್ದೇ ಎಂದು ಸಾಬೀತಾಗುವುದಿಲ್ಲ. ಪತ್ರ ಆ ವಿಳಾಸದ ತಾಣದಿಂದಲೇ ಬಂದಿದೆ ಎಂಬುದಷ್ಟೇ ಖಚಿತ. ಅಜ್ಜನ ಖಾತೆಯೇ ಕಳವಾಗಿದ್ದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಗುವಿಗೆ ಈ ಸಾಲುಗಳನ್ನು ಓದಿಸುವುದಕ್ಕಿಂತ ಅಜ್ಜನಿಗೆ ಫೋನ್ ಮಾಡಿಸುವುದು ಬೇಗ ಮುಗಿಯುವ ಕೆಲಸ.

ಅವಳಿಗೆ ಹದಿಮೂರು ತುಂಬುತ್ತಿದೆ. ಹಿಡಿತವನ್ನು ಯಾವಾಗ ಬಿಡಬೇಕು?

ನಿಮ್ಮ ದೇಶದ ವಯೋಮಿತಿ ತಲುಪಿದ ದಿನವೇ ಎಲ್ಲವನ್ನೂ ಒಟ್ಟಿಗೆ ಬಿಡುವ ಬದಲು, ಒಂದು ವರ್ಷ ಮೊದಲಿನಿಂದ ಒಂದೊಂದಾಗಿ ಬಿಡಿ. ನಾನು ಅನುಸರಿಸಿದ ಕ್ರಮ ಹೀಗಿತ್ತು. ಮೊದಲು ಪಟ್ಟಿಗೆ ಹೊಸ ವಿಳಾಸ ಸೇರಿಸುವ ಕೆಲಸವನ್ನು ಮಗಳಿಗೇ ಒಪ್ಪಿಸಿದೆ, ಸೇರಿಸಿದ ಮೇಲೆ ನನಗೆ ತಿಳಿಸಿದರೆ ಸಾಕು ಎಂದೆ. ಮೂರು ತಿಂಗಳು ಯಾವ ತೊಡಕೂ ಆಗದಿದ್ದಾಗ "ಬಿಟ್ಟು ಉಳಿದವರೆಲ್ಲರೂ" ಫಿಲ್ಟರನ್ನು ಅವಳ ಕೈಯಿಂದಲೇ ತೆಗೆಸಿದೆ. ಭಾನುವಾರದ ಹದಿನೈದು ನಿಮಿಷ ತಿಂಗಳಿಗೊಮ್ಮೆ ಆಯಿತು. ಎಲ್ಲಕ್ಕಿಂತ ಕೊನೆಗೆ ಬಿಟ್ಟದ್ದು ಪಾಸ್‌ವರ್ಡ್: ಅವಳು ಪುಸ್ತಕ ತೆರೆದು ಹೊಸ ನಾಲ್ಕು ಪದಗಳನ್ನು ಆರಿಸುವಾಗ ನಾನು ಕೋಣೆಯಿಂದ ಹೊರಗಿದ್ದೆ, ಮರುಪಡೆಯುವ ವಿಳಾಸ ಮಾತ್ರ ನನ್ನದೇ ಇರಲಿ ಎಂದು ಅವಳೇ ಹೇಳಿದಳು.